ಮೂರಡಿ ನಾಲ್ಕಡಿಯ ತೈಲಚಿತ್ರವೊಂದಕ್ಕೆ ಬೆಲೆ ಕಟ್ಟಿದ ಬಗೆ: ಒಂದು ಪ್ರಕರಣ ಅಧ್ಯಯನ

ಕ್ಯಾನ್ವಾಸಿನ ಹಿಂಬದಿಯ ಮರದ ಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಮೂರು ಸಂಖ್ಯೆಗಳಿದ್ದವು. ಮೊದಲನೆಯದು 25,000, ಅದಕ್ಕೆ ಅಡ್ಡಗೆರೆ ಎಳೆದಿತ್ತು. ಅದರ ಕೆಳಗಿನ 40,000 ರಬ್ಬರಿನ ಉಜ್ಜಿಗೆ ಅರ್ಧ ಅಳಿಸಿತ್ತು. ಕೊನೆಯದು ಒಂದು ಲಕ್ಷ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಮುಂಬದಿಯಲ್ಲಿ, ಮಳೆ ನಿಂತ ಮರುದಿನದ ಎರೆಹೊಲ. ಅಗಲ 48 ಇಂಚು, ಎತ್ತರ 36 ಇಂಚು, ಕ್ಯಾನ್ವಾಸಿನ ಮೇಲೆ ತೈಲವರ್ಣ. ಬಿಡಿಸಿದವರು ಧಾರವಾಡದ ಕಡೆಯ ಕಲಾವಿದೆ. ಚಿತ್ರಕಲೆಯಲ್ಲಿ ಪದವಿ ಪಡೆದು ಒಂಬತ್ತು ವರ್ಷಗಳಿಂದ ಬಿಡದೆ ಕೆಲಸ ಮಾಡುತ್ತಿದ್ದಾರೆ. ಏಳು ಸಮೂಹ ಪ್ರದರ್ಶನಗಳಲ್ಲಿ ಭಾಗವಹಿಸಿದ್ದಾರೆ, ಬಾಡಿಗೆ ಸಭಾಂಗಣದಲ್ಲಿ ಒಂದು ಏಕವ್ಯಕ್ತಿ ಪ್ರದರ್ಶನವನ್ನೂ ಮಾಡಿದ್ದಾರೆ. ಅಲ್ಲಿಯವರೆಗಿನ ಮಾರಾಟವೆಲ್ಲ ಅವರ ಮನೆಯಿಂದ, ಇಲ್ಲವೇ ಪ್ರತಿ ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಿಂದ ಆದದ್ದು. ಈಗ ಬೆಂಗಳೂರಿನ ಒಂದು ಖಾಸಗಿ ಗ್ಯಾಲರಿ ಅವರ ಹದಿನಾಲ್ಕು ಕೃತಿಗಳ ಪ್ರದರ್ಶನಕ್ಕೆ ಒಪ್ಪಿ, ಹತ್ತು ದಿನಗಳೊಳಗೆ ಬೆಲೆಪಟ್ಟಿ ಕೇಳಿತ್ತು.

ನಾನು ಕೆಲವು ವರ್ಷ ಒಂದು ಗ್ಯಾಲರಿಯ ಮಾರಾಟದ ಮೇಜಿನಲ್ಲಿ ಕುಳಿತವಳು. ಈಗ ಕಲಾವಿದರ ಲೆಕ್ಕಪತ್ರ ಮತ್ತು ಬೆಲೆಪಟ್ಟಿಗಳನ್ನು ನೋಡಿಕೊಡುತ್ತೇನೆ. ಕಲಾವಿದೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಆ ಮೂರು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು. 25,000 ಎಂಬುದು ಚಿತ್ರಸಂತೆಯಲ್ಲಿ ಒಬ್ಬರು ಕೊಡುತ್ತೇನೆಂದು ಹೇಳಿ ಹೋದ ಮೊತ್ತ. 40,000 ಅವರೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆ. ಒಂದು ಲಕ್ಷ, ತಂದೆಯ ಹೊಲ ಎಂಬ ಕಾರಣಕ್ಕೆ. ಗ್ಯಾಲರಿಯ ಪತ್ರ ಬಂದ ಮೇಲೆ ಅವರಿಗೆ ನಾಲ್ಕನೆಯ ಸಂಖ್ಯೆಯೊಂದೂ ಹೊಳೆದಿತ್ತು.

"ನಲವತ್ತು ಸಾವಿರ ನನ್ನ ಕೈಗೆ ಬಂದ್ರ ಸಾಕ್ರಿ ಮೇಡಂ. ಅವರು ನಲವತ್ತು ಪರ್ಸೆಂಟ್ ಕಮಿಷನ್ ಅಂದಾರ. ಹಂಗಾದ್ರ ಐವತ್ತಾರು ಸಾವಿರ ಅಂತ ಹಾಕಿದ್ರ ಸರಿ ಆಗ್ತದಲ್ರಿ?"

ಸರಿಯಾಗುವುದಿಲ್ಲ. ಗ್ಯಾಲರಿಯ ಮೇಜಿನಲ್ಲಿದ್ದಾಗ ನಾನು ಅತಿ ಹೆಚ್ಚು ಬಾರಿ ಕಂಡ ತಪ್ಪು ಇದೇ. ಕಮಿಷನ್ನನ್ನು ಕಲಾವಿದರ ಮೊತ್ತದ ಮೇಲೆ ಲೆಕ್ಕ ಹಾಕುವುದಿಲ್ಲ, ಕೊಳ್ಳುವವರು ಕೊಡುವ ಬೆಲೆಯ ಮೇಲೆ ಹಾಕುತ್ತಾರೆ. 56,000ಕ್ಕೆ ಶೇ. 40 ಎಂದರೆ 22,400. ಕಲಾವಿದೆಗೆ ಉಳಿಯುವುದು 33,600. ಕೈಗೆ 40,000 ಬರಬೇಕಾದರೆ ಅದನ್ನು 0.6ರಿಂದ ಭಾಗಿಸಬೇಕು, ಆಗ ಬರುವ ಬೆಲೆ ಸುಮಾರು 66,700. ಕೂಡಿಸುವುದಕ್ಕೂ ಭಾಗಿಸುವುದಕ್ಕೂ ನಡುವಿನ ಈ ಒಂದು ವ್ಯತ್ಯಾಸದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹಣ ಅಡಗಿತ್ತು. ಆದರೆ ಅದಕ್ಕೂ ಮೊದಲು, ಆ 40,000 ಎಂಬುದು ಸರಿಯಾದ ಮೊತ್ತವೇ ಎಂದು ನೋಡಬೇಕಿತ್ತು.

ಕೆಳಮಿತಿ

ಕಲಾವಿದೆ ಒಂದು ಒಳ್ಳೆಯ ಅಭ್ಯಾಸ ಇಟ್ಟುಕೊಂಡಿದ್ದರು. ಪ್ರತಿ ಕೃತಿಗೂ ಒಂದು ಪುಟ ಮೀಸಲಿಟ್ಟು, ತಂದ ಸಾಮಗ್ರಿ ಮತ್ತು ಕೆಲಸ ಮಾಡಿದ ದಿನಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಈ ಚಿತ್ರದ ಪುಟದಲ್ಲಿ ಚೌಕಟ್ಟಿಗೆ ಬಿಗಿದ ಕ್ಯಾನ್ವಾಸಿಗೆ 3,200, ಬಣ್ಣಗಳಿಗೆ 4,100, ಎಣ್ಣೆ, ಟರ್ಪೆಂಟೈನ್, ಕುಂಚಗಳ ಸವೆತ ಮತ್ತು ವಾರ್ನಿಷ್ ಸೇರಿ 1,700, ಕಟ್ಟಿ ಬೆಂಗಳೂರಿಗೆ ಸಾಗಿಸಲು 1,500 ಎಂದಿತ್ತು, ಒಟ್ಟು 10,500. ಕೆಲಸದ ದಿನಗಳು 16. ತೈಲವರ್ಣದ ಒಂದು ಪದರ ಒಣಗಿದ ಮೇಲೆಯೇ ಅವರು ಮುಂದಿನದನ್ನು ಹಚ್ಚುವುದರಿಂದ ಈ 16 ದಿನಗಳು ಎರಡೂವರೆ ತಿಂಗಳಲ್ಲಿ ಹರಡಿಕೊಂಡಿದ್ದವು. ನಡುವೆ ಬೇರೆ ಚಿತ್ರಗಳ ಕೆಲಸವೂ ನಡೆದಿದ್ದರಿಂದ ಕಾದ ದಿನಗಳನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ದಿನಕ್ಕೆ 1,500 ಎಂದು ಇಟ್ಟುಕೊಂಡೆವು. ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ಅವರು ಒಂದು ದಿನಕ್ಕೆ ಗಳಿಸುವುದು ಅಷ್ಟೇ. ಆಗ ಕೂಲಿ 24,000, ಒಟ್ಟು 34,500.

ಇದು ಬೆಲೆಯಲ್ಲ, ಕೆಳಮಿತಿ. ಕಲಾವಿದೆಯ ಕೈಗೆ ಇದಕ್ಕಿಂತ ಕಡಿಮೆ ಬಂದರೆ ಆ ಚಿತ್ರವನ್ನು ಮಾರಿದ್ದರಿಂದ ನಷ್ಟವಾಯಿತು ಎಂದರ್ಥ. ಹಾಗೆಂದು ಸಾಮಗ್ರಿ ಮತ್ತು ದಿನಗಳ ಮೇಲೆಯೇ ಬೆಲೆ ಕಟ್ಟಲು ಹೊರಟರೆ ತೊಂದರೆಯಾಗುತ್ತದೆ. ಕೈ ಪಳಗಿದಂತೆ ದಿನಗಳು ಕಡಿಮೆಯಾಗುತ್ತವೆ, ಅಂದರೆ ಪಳಗಿದ ಕೈಯ ಚಿತ್ರವೇ ಅಗ್ಗವಾಗಬೇಕಾಗುತ್ತದೆ. ಒಂದೇ ಅಳತೆಯ ಎರಡು ಚಿತ್ರಗಳಲ್ಲಿ, ತಿದ್ದಿ ತಿದ್ದಿ ಹಾಳಾದದ್ದಕ್ಕೆ ಹೆಚ್ಚು ಬೆಲೆ ಬರುತ್ತದೆ. ಪ್ರದರ್ಶನಕ್ಕೆ ಬಂದವರಿಗೆ ಇದ್ಯಾವುದೂ ಕಾಣುವುದಿಲ್ಲ; ಅವರಿಗೆ ಕಾಣುವುದು ಗೋಡೆಯ ಮೇಲೆ ಅಕ್ಕಪಕ್ಕ ಇರುವ ಎರಡು ಚಿತ್ರಗಳು ಮತ್ತು ಅವುಗಳ ಎರಡು ಬೆಲೆಗಳು. ಅಲ್ಲಿ ಹೊಂದಿಕೆ ತಪ್ಪಿದ್ದರೆ "ಇದಕ್ಕೆ ಏಕೆ ಜಾಸ್ತಿ?" ಎಂಬ ಪ್ರಶ್ನೆ ಬರುತ್ತದೆ, ಮಾರಾಟದ ಮೇಜಿನಲ್ಲಿ ಕುಳಿತವರ ಬಳಿ ಉತ್ತರವಿರುವುದಿಲ್ಲ. ಅದಕ್ಕಾಗಿಯೇ ಬಹುತೇಕ ಗ್ಯಾಲರಿಗಳು ಅಳತೆಯನ್ನು ಆಧಾರವಾಗಿ ಹಿಡಿಯುತ್ತವೆ.

ಅಳತೆ

ಅಳತೆಯಿಂದ ಬೆಲೆ ಕಟ್ಟಲು ಎರಡು ದಾರಿಗಳು ಬಳಕೆಯಲ್ಲಿವೆ. ಒಂದು, ಅಗಲವನ್ನು ಎತ್ತರದಿಂದ ಗುಣಿಸಿ ಬರುವ ಚದರ ಇಂಚಿಗೆ ದರ ಹಾಕುವುದು. ಇನ್ನೊಂದು, ಅಗಲ ಮತ್ತು ಎತ್ತರವನ್ನು ಕೂಡಿಸಿ, ಬಂದ ಇಂಚುಗಳಿಗೆ ದರ ಹಾಕುವುದು. ಯಾವ ದಾರಿ ಹಿಡಿದರೂ ದರವನ್ನು ಗಾಳಿಯಿಂದ ತರಲಾಗದು. ಈಗಾಗಲೇ ಮಾರಿದ ಚಿತ್ರಗಳಿಂದಲೇ ತರಬೇಕು. ಕಲಾವಿದೆಯ ನೋಟ್‌ಬುಕ್ಕಿನಲ್ಲಿ ಮೂರು ವರ್ಷಗಳ ಹನ್ನೆರಡು ಮಾರಾಟಗಳಿದ್ದವು. ಹೆಚ್ಚು ಹೋದದ್ದು 24×30 ಇಂಚಿನ ತೈಲಚಿತ್ರಗಳು. 28,000 ಹೇಳಿ, ಚೌಕಾಸಿಯ ನಂತರ 25,000ಕ್ಕೆ ಕೊಟ್ಟದ್ದು.

ಆ 25,000ವನ್ನೇ ಕೈಗೆ ಬಂದ ಮೊತ್ತವೆಂದು ಅವರು ನಂಬಿದ್ದರು. ಆದರೆ ಸಂತೆಗೆ ಹೋಗಿ ಬರುವ ಪ್ರಯಾಣ, ಚಿತ್ರಗಳ ಲಗೇಜು, ಎರಡು ರಾತ್ರಿಯ ವಸತಿ, ಜೊತೆಗೆ ಬಂದ ತಮ್ಮನ ಊಟ, ಎಲ್ಲ ಸೇರಿ ಸುಮಾರು 9,000 ಆಗಿತ್ತು. ಆ ವರ್ಷ ಮಾರಿದ್ದು ನಾಲ್ಕು ಚಿತ್ರ. ಅಂದರೆ ಒಂದೊಂದು ಚಿತ್ರದ ಮೇಲೆ 2,250 ಬಿತ್ತು, ಉಳಿದದ್ದು 22,750. ಕಮಿಷನ್ ಕೊಡದೆ ಮಾರಿದಾಗಲೂ ಮಾರುವ ಖರ್ಚು ಇದ್ದೇ ಇರುತ್ತದೆ. ಅದನ್ನು ನಾವೇ ಭರಿಸಿರುತ್ತೇವೆ, ಅಷ್ಟೇ. ಈ 22,750 ಗ್ಯಾಲರಿಯ ಮೂಲಕವೂ ಸಿಗಬೇಕಾದರೆ ಬೆಲೆ ಸುಮಾರು 37,900 ಆಗಬೇಕು. ಇಷ್ಟೇ ಅನುಭವವಿರುವ, ಇದೇ ಬಗೆಯ ಗ್ಯಾಲರಿಗಳಲ್ಲಿ ಪ್ರದರ್ಶಿಸಿದ ಕಲಾವಿದರ ಆರು ಬೆಲೆಪಟ್ಟಿಗಳು ನನ್ನ ಬಳಿ ಇದ್ದವು. ಅವುಗಳಲ್ಲಿ ಈ ಅಳತೆಗೆ 35,000ದಿಂದ 50,000ದವರೆಗೆ ಬೆಲೆಯಿತ್ತು. ಮೊದಲ ಬಾರಿಗೆ ಗ್ಯಾಲರಿಗೆ ಹೋಗುತ್ತಿರುವವರು ಆ ಸಾಲಿನ ಕೆಳತುದಿಯಲ್ಲಿ ನಿಲ್ಲುವುದು ಕ್ಷೇಮವೆಂದು 36,000 ಎಂದು ನಿಶ್ಚಯಿಸಿದೆವು. ಹೀಗೆ 24×30ರ ತೈಲಚಿತ್ರ ನಮ್ಮ ಆಧಾರವಾಯಿತು.

ಈಗ ಇದೇ ಆಧಾರದಿಂದ ಎರೆಹೊಲದ ಚಿತ್ರಕ್ಕೆ ಬರೋಣ. 24×30 ಎಂದರೆ 720 ಚದರ ಇಂಚು. 36,000ಕ್ಕೆ ಚದರ ಇಂಚಿಗೆ 50 ರೂಪಾಯಿ. ಎರೆಹೊಲ 1,728 ಚದರ ಇಂಚು, ಬೆಲೆ 86,400 ಆಗುತ್ತದೆ. ಕೂಡಿಸುವ ದಾರಿಯಲ್ಲಿ 24 ಮತ್ತು 30 ಸೇರಿ 54 ಇಂಚು, ಇಂಚಿಗೆ ಸುಮಾರು 667 ರೂಪಾಯಿ. ಎರೆಹೊಲದ್ದು 84 ಇಂಚು, ಬೆಲೆ 56,000. ಒಂದೇ ಚಿತ್ರಕ್ಕೆ ಎರಡು ದಾರಿಗಳ ನಡುವೆ ಮೂವತ್ತು ಸಾವಿರದ ಅಂತರ. ಸಣ್ಣ ಚಿತ್ರಗಳಲ್ಲಿ ಇದು ತಿರುಗುಮುರುಗಾಗುತ್ತದೆ. 12×16ರ ತೈಲಚಿತ್ರಕ್ಕೆ ಚದರ ಇಂಚಿನ ದಾರಿಯಲ್ಲಿ 9,600, ಕೂಡಿಸುವ ದಾರಿಯಲ್ಲಿ 18,700. ಗುಣಾಕಾರವು ದೊಡ್ಡ ಚಿತ್ರವನ್ನು ಯಾರೂ ಕೊಳ್ಳಲಾಗದಷ್ಟು ಏರಿಸುತ್ತದೆ. ಸಂಕಲನವು ಸಣ್ಣ ಚಿತ್ರವನ್ನು ದುಬಾರಿ ಮಾಡಿ, ದೊಡ್ಡದನ್ನು ಬಹುತೇಕ ಬಿಟ್ಟಿ ಕೊಡುತ್ತದೆ. ಅಳತೆ ದುಪ್ಪಟ್ಟಾದಾಗ ಶ್ರಮ ದುಪ್ಪಟ್ಟಾಗುವುದಿಲ್ಲ, ಆದರೆ ಸ್ವಲ್ಪವೂ ಹೆಚ್ಚುವುದಿಲ್ಲ ಎಂದೂ ಅಲ್ಲ; ನಿಜ ಸ್ಥಿತಿ ಇವೆರಡರ ನಡುವೆ ಇದೆ.

ಇದಕ್ಕೆ ಹಲವರು ಮಾಡುವ ಉಪಾಯವೆಂದರೆ, ಇಷ್ಟು ಚದರ ಇಂಚಿನವರೆಗೆ ಒಂದು ದರ, ಅದನ್ನು ದಾಟಿದ ಚಿತ್ರಗಳಿಗೆ ಕಡಿಮೆ ದರ ಎಂದು ನಿಗದಿ ಮಾಡುವುದು. ಕಲಾವಿದೆಯೂ ಈ 50ರ ದರ ಹಿಡಿದು ಹಾಗೆಯೇ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದರು, 900 ಚದರ ಇಂಚಿನವರೆಗೆ 50, ಮೇಲ್ಪಟ್ಟದ್ದಕ್ಕೆ 42 ಎಂದು. ಅವರದೇ ಪಟ್ಟಿಯಲ್ಲಿ 24×36ರ ಚಿತ್ರಕ್ಕೆ 43,200 ಇತ್ತು, ಅದಕ್ಕಿಂತ ದೊಡ್ಡದಾದ 30×32ಕ್ಕೆ 40,320! ಗೋಡೆಯ ಮೇಲೆ ಇವೆರಡೂ ಪಕ್ಕಪಕ್ಕದಲ್ಲಿ ಬಂದಿದ್ದರೆ ದೊಡ್ಡದರಲ್ಲಿ ಏನೋ ಕುಂದಿದೆ ಎಂದೇ ನೋಡಿದವರು ಭಾವಿಸುತ್ತಿದ್ದರು.

ಆದಾಯ ತೆರಿಗೆಯ ಹಂತಗಳ ಹಾಗೆ ದರ ಹಾಕಿದರೆ ಈ ಎಡವಟ್ಟು ಆಗುವುದಿಲ್ಲ. ಆದಾಯ ಒಂದು ಹಂತ ದಾಟಿದರೆ ಹೊಸ ದರ ಬೀಳುವುದು ದಾಟಿದ ಭಾಗಕ್ಕೆ ಮಾತ್ರ, ಕೆಳಗಿನ ಭಾಗಕ್ಕೆ ಹಳೆಯ ದರವೇ ಇರುತ್ತದೆ. ನಾವು ಮೊದಲ 400 ಚದರ ಇಂಚಿಗೆ 56 ರೂಪಾಯಿ, ನಂತರದ 600ಕ್ಕೆ 42, ಸಾವಿರದಿಂದ ಮೇಲಿನದಕ್ಕೆ 32 ಎಂದು ಇಟ್ಟೆವು. 24×30ಕ್ಕೆ 35,840 ಬರುತ್ತದೆ, ಅಂದರೆ ನಮ್ಮ 36,000. ಎರೆಹೊಲಕ್ಕೆ ಮೊದಲ ಹಂತದಿಂದ 22,400, ಎರಡನೆಯದರಿಂದ 25,200, ಉಳಿದ 728 ಚದರ ಇಂಚಿಗೆ 23,296, ಒಟ್ಟು 70,896. ಅದನ್ನು 70,000ಕ್ಕೆ ಇಳಿಸಿದೆವು. ಬೆಲೆಪಟ್ಟಿಯಲ್ಲಿ 70,896 ಎಂದು ಬರೆದರೆ ಕಿರಾಣಿ ಅಂಗಡಿಯ ಚೀಟಿಯಂತೆ ಕಾಣುತ್ತದೆ.

ಅಳತೆ ಎಂದರೆ ಬಣ್ಣ ಬಿದ್ದಿರುವ ಭಾಗದ ಅಳತೆ, ಫ್ರೇಮಿನದಲ್ಲ. ಇದನ್ನು ಹೇಳಬೇಕಾಗಿ ಬಂದದ್ದೇಕೆಂದರೆ, ಕಲಾವಿದೆಯ ಪಟ್ಟಿಯಲ್ಲಿ ಎರಡು ಜಲವರ್ಣಗಳ ಅಳತೆಯನ್ನು ಚಿತ್ರದ ಸುತ್ತಲಿನ ರಟ್ಟಿನ ಮೌಂಟಿನ ಹೊರ ಅಂಚಿನಿಂದ ಹಿಡಿಯಲಾಗಿತ್ತು.

ಮಾಧ್ಯಮ ಮತ್ತು ಅನುಭವ

ಹದಿನಾಲ್ಕು ಕೃತಿಗಳಲ್ಲಿ ಆರು ತೈಲವರ್ಣ, ಮೂರು ಆಕ್ರಿಲಿಕ್, ಐದು ಕಾಗದದ ಮೇಲಿನ ಜಲವರ್ಣ. ತೈಲ ಮತ್ತು ಆಕ್ರಿಲಿಕ್ಕಿಗೆ ಬೇರೆ ದರ ಬೇಕೆಂದು ಕಲಾವಿದೆ ವಾದಿಸಿದರು. ತೈಲವರ್ಣದ ಟ್ಯೂಬುಗಳ ಬೆಲೆಯೇ ಅವರ ಆಧಾರ. ನಾನು ಒಪ್ಪಲಿಲ್ಲ. ಅವರ ಕೈಯಲ್ಲಿ ಎರಡೂ ಕ್ಯಾನ್ವಾಸಿನ ಮೇಲೆ ಒಂದೇ ಬಗೆಯಲ್ಲಿ ಮೂಡುತ್ತವೆ, ಎರಡು ಗಜ ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇಂಥ ಕಡೆ ಎರಡು ದರ ಇಟ್ಟರೆ ಕೊಳ್ಳುವವರು ಅಗ್ಗದ್ದನ್ನು ಆರಿಸುತ್ತಾರೆ, ಆಕ್ರಿಲಿಕ್ ಕೀಳೆಂಬ ಸೂಚನೆಯನ್ನು ನಾವೇ ಕೊಟ್ಟಂತಾಗುತ್ತದೆ. ಕೊನೆಗೆ ಕ್ಯಾನ್ವಾಸಿನ ಮೇಲಿನದ್ದೆಲ್ಲ ಒಂದೇ ದರವೆಂದು ಇತ್ಯರ್ಥವಾಯಿತು. (ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳ ಮಾತು ಬೇರೆ. ಅಲ್ಲಿ ಗೆಸ್ಸೊ ಎಂಬ ಉಬ್ಬು ಲೇಪದ ಕೆಲಸದ ಮೇಲೆ ಅಂಟಿಸುವ ಚಿನ್ನದ ರೇಕಿನ ಬೆಲೆ ದಿನದಿಂದ ದಿನಕ್ಕೆ ಬದಲಾಗುವುದರಿಂದ ಸಾಮಗ್ರಿಯ ಲೆಕ್ಕ ಬೆಲೆಯೊಳಗೆ ಬಂದೇ ತೀರಬೇಕು.)

ಕಾಗದಕ್ಕೆ ದರ ಕಡಿಮೆ ಇರುವುದಕ್ಕೆ ಮಾತ್ರ ಕಾರಣಗಳಿವೆ. ಕಾಗದದ ಕೃತಿ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕೆಲವು ಬಣ್ಣಗಳು ಬೆಳಕಿಗೆ ಮಾಸುತ್ತವೆ, ಗಾಜು ಹಾಕಿಸದೆ ಗೋಡೆಗೆ ತೂಗುಹಾಕಲಾಗುವುದಿಲ್ಲ. ಇದರ ಖರ್ಚು, ಕಾಳಜಿ ಎರಡೂ ಕೊಳ್ಳುವವರ ಪಾಲಿಗೆ ಬರುತ್ತವೆ. ಹತ್ತಿಯ ನಾರಿನಿಂದಲೇ ತಯಾರಾದ, ಆಮ್ಲರಹಿತ ಕಾಗದವಾದರೆ ಬಾಳಿಕೆ ಹೆಚ್ಚು, ಆದರೂ ಮಾರುಕಟ್ಟೆಯ ರೂಢಿ ಕ್ಯಾನ್ವಾಸಿಗಿಂತ ಕೆಳಗೇ ನಿಲ್ಲುತ್ತದೆ. ನಾನು ಕ್ಯಾನ್ವಾಸಿನ ದರದ ಶೇ. 60 ಎಂದು ಸೂಚಿಸಿದೆ. 12×16ರ ಜಲವರ್ಣಕ್ಕೆ 6,500 ಆಯಿತು. ಈ ಸೂಚನೆಯಲ್ಲಿ ನಾನೇ ತಪ್ಪಿದೆ. ಅದನ್ನು ಮುಂದೆ ಹೇಳುತ್ತೇನೆ.

ಅನುಭವದ ಮಾತಿಗೆ ಬಂದಾಗ ಕಲಾವಿದೆ ಕೇಳಿದ ಪ್ರಶ್ನೆ ಬಹಳ ಜನ ಕೇಳುವಂಥದ್ದೇ. ಒಂಬತ್ತು ವರ್ಷಕ್ಕೆ ಎಷ್ಟು, ಪ್ರದರ್ಶನವೊಂದಕ್ಕೆ ಎಷ್ಟು ಎಂದು ದರದ ಮೇಲೆ ಕೂಡಿಸಬೇಕಲ್ಲವೇ? ಕೂಡಿಸಬಾರದು, ಏಕೆಂದರೆ ಅದು ಈಗಾಗಲೇ ಸೇರಿಹೋಗಿದೆ. ಮಾರಿದ ಚಿತ್ರಗಳಿಂದ ನಾವು ದರ ತೆಗೆದಿದ್ದೇವೆ. ಅವನ್ನು ಕೊಂಡವರು ಈ ಒಂಬತ್ತು ವರ್ಷ ಪಳಗಿದ ಕೈಯನ್ನು ನೋಡಿಯೇ ಕೊಂಡಿದ್ದಾರೆ. ಸರಿಸಮಾನ ಕಲಾವಿದರ ಪಟ್ಟಿಗಳನ್ನು ಆರಿಸಿದಾಗಲೂ ಅನುಭವವನ್ನೇ ಅಳತೆಗೋಲಾಗಿ ಹಿಡಿದಿದ್ದೇವೆ. ಮೂರನೆಯ ಬಾರಿ ಅದನ್ನೇ ಗುಣಿಸಿದರೆ ಒಂದೇ ಸರಕಿಗೆ ಮೂರು ಸಲ ತೂಕ ಹಾಕಿದಂತಾಗುತ್ತದೆ. ಅನುಭವ ಬೆಲೆಯಲ್ಲಿ ಕಾಣುವುದು ಬೇರೆ ಬಗೆಯಲ್ಲಿ. ಏಕವ್ಯಕ್ತಿ ಪ್ರದರ್ಶನದಲ್ಲಿ ಅರ್ಧಕ್ಕಿಂತ ಹೆಚ್ಚು ಕೃತಿಗಳು ಮಾರಾಟವಾದರೆ, ಅಕಾಡೆಮಿಯ ಪ್ರಶಸ್ತಿಯಂಥದ್ದು ಬಂದರೆ, ಕೊಂಡವರೇ ಮತ್ತೆ ಬಂದು ಕೊಂಡರೆ, ಮುಂದಿನ ವರ್ಷ ದರವನ್ನು ಶೇ. ಹತ್ತರಷ್ಟು ಏರಿಸಲು ಆಧಾರ ಸಿಗುತ್ತದೆ. ವಯಸ್ಸಾಯಿತೆಂಬ ಕಾರಣಕ್ಕೆ ಏರಿಸಲು ಆಧಾರವಿಲ್ಲ.

ತಂದೆಯ ಹೊಲದ ಒಂದು ಲಕ್ಷ ಬಿದ್ದುಹೋದದ್ದು ಇಲ್ಲಿಯೇ. ಬಿಡಿಸಿದವರಿಗೆ ಇರುವ ಮಮತೆ ಅದೇ ಅಳತೆಯ ಇನ್ನೊಂದು ಚಿತ್ರವನ್ನು ನೋಡಿದವರಿಗೆ ಕಾಣದು. ಅಷ್ಟು ಮಮತೆಯಿದ್ದರೆ ಪಟ್ಟಿಯಲ್ಲಿ "ಮಾರಾಟಕ್ಕಿಲ್ಲ" ಎಂದು ಬರೆಯಿರಿ ಎಂದೆ. ಒಂದು ದಿನ ಯೋಚಿಸಿ, ಮಾರಾಟಕ್ಕಿದೆ ಎಂದು ತಿಳಿಸಿದರು.

ಒಪ್ಪಂದದ ಎರಡು ಸಾಲುಗಳು

ಬೆಲೆ 70,000 ಎಂದ ಮೇಲೆ, ಕಮಿಷನ್ 28,000 ಕಳೆದು 42,000 ಕೈಗೆ ಬರುತ್ತದೆ, ಕೆಳಮಿತಿಗಿಂತ ಸಾಕಷ್ಟು ಮೇಲಿದೆ ಎಂದು ಇಬ್ಬರಿಗೂ ಸಮಾಧಾನವಾಗಿತ್ತು. ಆದರೆ ಗ್ಯಾಲರಿ ಕಳಿಸಿದ ಒಪ್ಪಂದದ ಕರಡಿನಲ್ಲಿ "ಕಮಿಷನ್ ಶೇ. 40 ಮತ್ತು ಅನ್ವಯವಾಗುವ ತೆರಿಗೆ" ಎಂದಿತ್ತು. ಕಲಾವಿದೆ ಆ ತೆರಿಗೆಯನ್ನು ಕೊಳ್ಳುವವರು ಕೊಡುವ ತೆರಿಗೆ ಎಂದು ಓದಿಕೊಂಡಿದ್ದರು. ಇಲ್ಲಿ ಎರಡು ತೆರಿಗೆಗಳಿವೆ. ಕೈಯಿಂದಲೇ ಬಿಡಿಸಿದ ಚಿತ್ರದ ಮಾರಾಟದ ಮೇಲೆ ಜಿಎಸ್‌ಟಿ ಮೊದಲು ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ, ಗ್ಯಾಲರಿಯ ಬಿಲ್ಲಿನಲ್ಲಿ ಅದು ಬೆಲೆಯ ಮೇಲೆ ಸೇರಿ ಕೊಳ್ಳುವವರ ಲೆಕ್ಕಕ್ಕೆ ಹೋಗುತ್ತದೆ. ಇನ್ನೊಂದು, ಗ್ಯಾಲರಿ ಕಲಾವಿದೆಗೆ ಮಾಡಿಕೊಡುವ ಮಾರಾಟದ ಸೇವೆಗೆ ಪಡೆಯುವ ಕಮಿಷನ್ನಿನ ಮೇಲಿನ ಜಿಎಸ್‌ಟಿ, ಶೇ. 18. ಒಪ್ಪಂದದ ಆ ಸಾಲು ಹೇಳುತ್ತಿದ್ದುದು ಈ ಎರಡನೆಯದನ್ನು. 28,000ಕ್ಕೆ ಶೇ. 18 ಎಂದರೆ 5,040. ಆಗ ಕೈಗೆ ಬರುವುದು 36,960. ಹೇಳುವಾಗ ಶೇ. 40 ಎಂದಿದ್ದದ್ದು ಕಳೆಯುವಾಗ ಶೇ. 47.2 ಆಗಿತ್ತು. ಜಿಎಸ್‌ಟಿ ನೋಂದಣಿ ಇರುವ ಕಲಾವಿದರು ಇದನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ವಹಿವಾಟು ಕಡಿಮೆ ಇದ್ದು ನೋಂದಣಿ ಮಾಡಿಸದ ಇವರಂಥವರಿಗೆ ಅದು ಹೋದ ಹಣವೇ.

ಗ್ಯಾಲರಿಯವರಿಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆವು. ಅವರು ಮೋಸ ಮಾಡಲು ಹೊರಟವರಲ್ಲ, ಎಲ್ಲರಿಗೂ ಕಳಿಸುವ ಕರಡನ್ನೇ ಕಳಿಸಿದ್ದರು. ಮಾತುಕತೆಯ ನಂತರ ಕಮಿಷನ್ ಶೇ. 35 ಮತ್ತು ಅದರ ಮೇಲಿನ ತೆರಿಗೆ ಎಂದಾಯಿತು, ಅಂದರೆ ಒಟ್ಟು ಶೇ. 41.3. ಎರೆಹೊಲಕ್ಕೆ ಕಳೆಯುವುದು 28,910, ಕೈಗೆ ಬರುವುದು 41,090. ಈ ಇಳಿಕೆಗೆ ಪ್ರತಿಯಾಗಿ ಆಹ್ವಾನಪತ್ರಿಕೆಯ ಮುದ್ರಣದ ಖರ್ಚನ್ನು ಕಲಾವಿದೆ ವಹಿಸಿಕೊಂಡರು.

ಇನ್ನೊಂದು ಸಾಲು ರಿಯಾಯಿತಿಯದು. ಹಳೆಯ ಗಿರಾಕಿಗಳಿಗೆ ಗ್ಯಾಲರಿ ಶೇ. 10ರವರೆಗೆ ಬಿಟ್ಟುಕೊಡಬಹುದು ಎಂದಿತ್ತು, ಆದರೆ ಕಮಿಷನ್ ಪಟ್ಟಿಯ ಬೆಲೆಯ ಮೇಲೋ, ನಿಜವಾಗಿ ಬಂದ ಹಣದ ಮೇಲೋ ಎಂಬುದು ಅಲ್ಲಿರಲಿಲ್ಲ. 70,000ದ ಚಿತ್ರ 63,000ಕ್ಕೆ ಹೋಯಿತೆಂದುಕೊಳ್ಳಿ. ಪಟ್ಟಿಯ ಬೆಲೆಯ ಮೇಲೆಯೇ ಕಮಿಷನ್ ಕಳೆದರೆ ಕಲಾವಿದೆಗೆ ಉಳಿಯುವುದು 34,090, ಅಂದರೆ ಕೆಳಮಿತಿಯಾದ 34,500ಕ್ಕಿಂತ ಕಡಿಮೆ. ಬಂದ ಹಣದ ಮೇಲೆ ಕಳೆದರೆ 36,981. "ಕಮಿಷನ್ ನಿಜವಾಗಿ ಸ್ವೀಕರಿಸಿದ ಬೆಲೆಯ ಮೇಲೆ" ಎಂಬ ಐದು ಪದಗಳನ್ನು ಸೇರಿಸಿಕೊಂಡೆವು. ಕೆಳಮಿತಿಯನ್ನು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರಿಂದಲೇ ಈ ಐದು ಪದಗಳ ಅಗತ್ಯ ನಮಗೆ ಕಂಡದ್ದು.

ಪ್ರದರ್ಶನ ಮತ್ತು ನಂತರ

ಪ್ರದರ್ಶನ ಆರಂಭವಾದ ಎರಡನೆಯ ದಿನ ಕಲಾವಿದೆಗೆ ಒಂದು ಕರೆ ಬಂತು. ಗ್ಯಾಲರಿಯಲ್ಲಿ 24×30ರ ಚಿತ್ರವೊಂದನ್ನು ನೋಡಿದವರು, "ನೇರವಾಗಿ ನಿಮ್ಮಿಂದಲೇ ತೊಗೊಂಡ್ರೆ ಎಷ್ಟಕ್ಕೆ ಕೊಡ್ತೀರಮ್ಮ?" ಎಂದು ಕೇಳಿದರು. ಅವರು ನಿರೀಕ್ಷಿಸಿದ್ದ ಉತ್ತರ 22,000ದ ಆಸುಪಾಸು. ಕಮಿಷನ್ ಉಳಿಯುತ್ತದಲ್ಲ, ಇಬ್ಬರಿಗೂ ಲಾಭ ಎಂಬುದು ಅವರ ತರ್ಕ. ಕಲಾವಿದೆ ನನ್ನನ್ನು ಕೇಳಿ, ಮನೆಯಲ್ಲೂ ಗ್ಯಾಲರಿಯಲ್ಲೂ 36,000 ಎಂದೇ ತಿಳಿಸಿ ಗ್ಯಾಲರಿಯ ಸಂಖ್ಯೆ ಕೊಟ್ಟರು. ಒಮ್ಮೆ ಕಡಿಮೆಗೆ ಕೊಟ್ಟಿದ್ದರೆ ಆ ಸುದ್ದಿ ಗ್ಯಾಲರಿಗೆ ತಲುಪಲು ಹೆಚ್ಚು ದಿನ ಬೇಕಿರಲಿಲ್ಲ. ಅಷ್ಟೇ ಅಲ್ಲ, 36,000 ಕೊಟ್ಟು ಕೊಂಡವರ ಗೋಡೆಯ ಮೇಲಿನ ಚಿತ್ರದ ಬೆಲೆಯೂ ಅಂದೇ ಇಳಿದಂತಾಗುತ್ತಿತ್ತು. ಮನೆಯಿಂದ ಮಾರಿದಾಗ ಕಮಿಷನ್ನಿನ ಭಾಗ ಕಲಾವಿದೆಗೆ ಉಳಿಯುತ್ತದೆ, ಅದು ಗಿರಾಕಿಯನ್ನು ಹುಡುಕಿ, ತೋರಿಸಿ, ಕಟ್ಟಿ ಕಳಿಸುವ ಕೆಲಸದ ಕೂಲಿ. ಚಿತ್ರಸಂತೆಗೂ ಇದೇ ಬೆಲೆಪಟ್ಟಿ ಎಂದು ನಿಶ್ಚಯಿಸಿದೆವು. 36,000ಕ್ಕೆ ಅಲ್ಲಿ ಗಿರಾಕಿ ಸಿಗುವುದು ಕಷ್ಟವಾದ್ದರಿಂದ ಕ್ಯಾನ್ವಾಸುಗಳನ್ನು ಒಯ್ಯದೆ, ಸಣ್ಣ ಜಲವರ್ಣಗಳನ್ನಷ್ಟೇ ಒಯ್ಯುವುದೆಂದು.

ಹದಿನೈದು ದಿನಗಳಲ್ಲಿ ಮಾರಾಟವಾದದ್ದು ಏಳು ಕೃತಿಗಳು. 24×30ರ ಒಂದು ತೈಲಚಿತ್ರ, 18×24ರ ಒಂದು ಆಕ್ರಿಲಿಕ್, ಐದೂ ಜಲವರ್ಣಗಳು. ಜಲವರ್ಣಗಳು ಉದ್ಘಾಟನೆಯ ಸಂಜೆಯೇ ಹೋದವು, ಅದೂ ಯಾರೂ ಚೌಕಾಸಿ ಮಾಡದೆ. ಅಭಿನಂದನೆಯ ಕರೆಗಳು ಬಂದವು. ನನಗೆ ಮಾತ್ರ ಆ ರಾತ್ರಿಯೇ ಅನುಮಾನ ಹತ್ತಿತು. ಒಂದು ಬಗೆಯ ಕೃತಿಗಳೆಲ್ಲ ಒಂದೇ ಸಂಜೆ, ಒಂದು ಮಾತೂ ಆಡದೆ ಹೋದರೆ ಬೆಲೆ ಕಡಿಮೆಯಾಗಿದೆ ಎಂಬುದರ ಗುರುತು ಅದು. ಲೆಕ್ಕ ಹಾಕಿ ನೋಡಿದರೆ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. 6,500ರಲ್ಲಿ ಕಮಿಷನ್ ಮತ್ತು ತೆರಿಗೆ ಸುಮಾರು 2,685 ಹೋಗಿ ಉಳಿದದ್ದು 3,815. ಮೌಂಟ್, ಗಾಜು, ಫ್ರೇಮುಗಳಿಗೆ ಕಲಾವಿದೆ ಒಂದೊಂದಕ್ಕೆ 1,800 ಕೊಟ್ಟಿದ್ದರು, ಅದನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಎರಡು ದಿನದ ಕೆಲಸಕ್ಕೆ ಅವರ ಕೈಗೆ ಬಂದದ್ದು ಸುಮಾರು 2,000. ಅದರಲ್ಲಿ ಕಾಗದ, ಬಣ್ಣದ ಖರ್ಚೂ ಸೇರಿದೆ. ದೊಡ್ಡ ಚಿತ್ರಕ್ಕೆ ಕೆಳಮಿತಿ ಹಾಕಿದ ನಾನು ಸಣ್ಣದಕ್ಕೆ ಹಾಕಿರಲಿಲ್ಲ. ಮೊತ್ತ ಸಣ್ಣದಿದ್ದ ಕಾರಣಕ್ಕೆ ಗಮನವೂ ಸಣ್ಣದಾಗಿತ್ತು. ಅದೂ ಅಲ್ಲದೆ ಫ್ರೇಮಿನ ಹಣ ಬೆಲೆಯೊಳಗೇ ಇದ್ದುದರಿಂದ ಫ್ರೇಮಿನ ಮೇಲೂ ಕಮಿಷನ್ ಕೊಟ್ಟಂತಾಗಿತ್ತು.

ಎರೆಹೊಲದ ಚಿತ್ರವನ್ನು ಹಲವರು ಬಂದು ನೋಡಿದರು, ಮೂವರು ಬೆಲೆ ಕೇಳಿದರು, ಕೊಳ್ಳಲಿಲ್ಲ. ಕೊನೆಯ ದಿನ ಗ್ಯಾಲರಿಯವರೇ, 55,000ಕ್ಕೆ ಇಳಿಸೋಣವೇ ಎಂದು ಕೇಳಿದರು. ಯಾರೂ ಬೆಲೆಯನ್ನೇ ಕೇಳದೆ ಹೋಗಿದ್ದರೆ ಚಿತ್ರದ ಬಗ್ಗೆ, ಕೇಳಿದವರೆಲ್ಲ ಬೆಲೆ ತಿಳಿದೊಡನೆ ಅದೇ ಗ್ಯಾಲರಿಯ ಇನ್ನೊಬ್ಬರ ಅದೇ ಅಳತೆಯ ಚಿತ್ರದ ಕಡೆ ಹೋಗಿದ್ದರೆ ಬೆಲೆಯ ಬಗ್ಗೆ ಯೋಚಿಸಬಹುದಿತ್ತು. ಇಲ್ಲಿ ಇಬ್ಬರು ಗೋಡೆಯ ಅಳತೆ ತೆಗೆದುಕೊಂಡು ಬರುತ್ತೇವೆ ಎಂದು ಹೋದವರು. ನಾಲ್ಕಡಿ ಅಗಲದ ಚಿತ್ರ ಕೊಳ್ಳುವವರು ಮನೆಗೆ ಹೋಗಿ ನೋಡದೆ ತೀರ್ಮಾನಿಸುವುದು ಅಪರೂಪ. ಇಳಿಸುವುದು ಬೇಡ, ಮೂರು ತಿಂಗಳು ನಿಮ್ಮಲ್ಲೇ ಇರಲಿ ಎಂದು ಕಲಾವಿದೆ ಉತ್ತರಿಸಿದರು. ಏಳನೆಯ ವಾರದಲ್ಲಿ, ಅಳತೆಗೆಂದು ಹೋದ ಇಬ್ಬರಲ್ಲಿ ಒಬ್ಬರು ಮರಳಿ ಬಂದರು. ಗ್ಯಾಲರಿ ಶೇ. 10 ಬಿಟ್ಟುಕೊಟ್ಟು 63,000ಕ್ಕೆ ಮಾರಿತು. ಕಲಾವಿದೆಯ ಖಾತೆಗೆ ಬಂದದ್ದು 36,981.

ಮುಂದಿನ ಪಟ್ಟಿಯಲ್ಲಿ ಕಾಗದದ ದರವನ್ನು ಕ್ಯಾನ್ವಾಸಿನ ಶೇ. 70ಕ್ಕೆ ಏರಿಸಿದ್ದೇವೆ, 12×16ರ ಜಲವರ್ಣ ಈಗ 8,000. ಫ್ರೇಮಿನ 1,800ನ್ನು ಪಟ್ಟಿಯಲ್ಲಿ ಬೇರೆಯದೇ ಸಾಲಾಗಿ ತೋರಿಸಿ, ಅದರ ಮೇಲೆ ಕಮಿಷನ್ ಇಲ್ಲವೆಂದು ಗ್ಯಾಲರಿಯಿಂದ ಬರೆಸಿಕೊಂಡಿದ್ದೇವೆ. ಕ್ಯಾನ್ವಾಸಿನಲ್ಲಿ ಮೊದಲ 400 ಚದರ ಇಂಚಿನ ದರ ಮಾತ್ರ 56ರಿಂದ 60ಕ್ಕೆ ಹೋಗಿದೆ. ಮೇಲಿನ ಎರಡು ಹಂತಗಳನ್ನು ಮುಟ್ಟಿಲ್ಲ, ಏಕೆಂದರೆ ಸಾವಿರ ಚದರ ಇಂಚು ದಾಟಿದ ಚಿತ್ರ ಇಲ್ಲಿಯವರೆಗೆ ಮಾರಾಟವಾಗಿರುವುದು ಒಂದೇ, ಅದೂ ರಿಯಾಯಿತಿಯಲ್ಲಿ. ಕ್ಯಾನ್ವಾಸಿನ ಹಿಂದೆ ಕಲಾವಿದೆ ಈಗ ಬರೆಯುವುದು ಶೀರ್ಷಿಕೆ, ಮಾಧ್ಯಮ, ಅಳತೆ ಮತ್ತು ವರ್ಷವನ್ನು ಮಾತ್ರ. ಬೆಲೆ ನೋಟ್‌ಬುಕ್ಕಿನ ಪುಟದಲ್ಲಿ, ಕೆಳಮಿತಿಯ ಪಕ್ಕದಲ್ಲಿ ಇರುತ್ತದೆ.